ಸಕ್ಕರೆ ಹಾಕಿ ಮರಳಿಸಿದ ಡಬ್ಬಿ

"ಒಂದು ಪೇಢೆ ಬಾಯಿಗಿ ಹಾಕ್ಕೊಂಡು ಪೆಟ್ಟಿಗಿ ನಮ್ಮ ತಲಿಗೇ ಕಟ್ಟಿದ್ರು ನೋಡು. ಭಾಳ ಶಾಣ್ಯಾ ಇದ್ದಾರ ನಿಮ್ಮ ಮೇಡಂ."

ರವಿಕಾಂತ ಹೇಳಿದ್ದು ಪಕ್ಕದಲ್ಲಿ ನಿಂತಿದ್ದ ಅಣ್ಣನ ಮಗಳು ರುಚಿತಾಳಿಗೆ, ಅದೂ ಮೆಲ್ಲಗೆ, ಕನ್ನಡದಲ್ಲಿ. ನಾಶಿಕದ ದೇವಳಾಲಿ ಕ್ಯಾಂಪಿನ ಆ ಶಾಲೆಯಲ್ಲಿ ಕನ್ನಡ ಯಾರಿಗೆ ತಿಳಿಯಬೇಕು ಎಂಬ ಧೈರ್ಯ ಅವನದು.

"ಶಾಣ್ಯಾತನ ಅಲ್ರಿ, ಸಾಕಾಗ್ಯದ. ಬೆಳಿಗ್ಗಿಂದ ನೀವು ಎಷ್ಟನೇದವ್ರೋ ನಂಗೇ ಗೊತ್ತಿಲ್ಲ," ಎಂದಳು ಮೇಡಂ ಜಯಮಾಲಾ.

ಅದೂ ಕನ್ನಡವೇ. ಅದೂ ಬೀದರ ಕಡೆಯದೇ!

ರವಿಕಾಂತನ ಮುಖ ಹೇಗಾಗಿತ್ತೆಂದರೆ, ನಾಲ್ಕನೇ ತರಗತಿಯ ರುಚಿತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟಳು. ಅವನು ಬ್ಯಾಂಕಿನಲ್ಲಿ ಅಧಿಕಾರಿ. ಅವನ ಅಣ್ಣ ಸೈನ್ಯದ ತೋಪಿನ ದಳದಲ್ಲಿದ್ದು ಈಗ ಗಡಿಗೆ ಹೋಗಿದ್ದ. ಅತ್ತಿಗೆಗೆ ಕೈಯಲ್ಲಿ ಹಸುಗೂಸು. ಹಾಗಾಗಿ ಶಾಲೆಯ ಕೆಲಸವೆಲ್ಲ ಕಾಕಾನ ಪಾಲಿಗೆ ಬಂದಿತ್ತು. ಅವತ್ತು ಗುರುಪೂರ್ಣಿಮೆ; ಎಲ್ಲರಂತೆ ಅವನೂ ಅಂಗಡಿಯಿಂದ ಅರ್ಧ ಕಿಲೋ ಪೇಢೆ ಹಿಡಿದು ಬಂದಿದ್ದ.

"ತಪ್ಪಾಯ್ತ್ರಿ ಮೇಡಂ," ಎಂದ.

"ತಪ್ಪೇನಿಲ್ರಿ. ಪೇಢೆ ಛಲೋ ಅದಾವ. ಮನ್ಯಾಗ ಎಲ್ಲರೂ ಕೂಡಿ ತಿನ್ರಿ."

ಜಯಮಾಲಾ ನಕ್ಕಳು. ನಗುವಿನಲ್ಲೂ ದಣಿವಿತ್ತು. ಆ ದಣಿವು ಅವನ ಎದೆಗೆ ತಾಗಿತು. ಯಾಕೆಂದರೆ ಅದರ ಪರಿಚಯ ಅವನಿಗೂ ಚೆನ್ನಾಗಿತ್ತು.

"ನಂದೂ ಇದೇ ಗತಿ ಮೇಡಂ," ಎಂದ ತಡೆಯಲಾರದೆ. "ದೀಪಾವಳಿ ಬಂತಂದ್ರ ಸಾಲ ತಗೊಂಡ ಸೇಠಗಳು ಗೋಡಂಬಿ ಪೆಟ್ಟಿಗಿ ಹೊತ್ಕೊಂಡು ಬರ್ತಾರ. ತಗೋಬಾರದು ಅಂತ ಬ್ಯಾಂಕಿನ ಹುಕುಂ. ಬ್ಯಾಡ ಅಂದ್ರ ಮಾರಿ ಉಬ್ಬಿಸ್ಕೋತಾರ. ನೀವು ಬ್ಯಾಡ ಅಂದ್ರೂ ನಂಗ ಸಿಟ್ಟು ಬರ್ಲಿಲ್ಲ. ಹ್ಯಾಂಗ ಮಾಡ್ತೀರಿ ಇದು?"

ಯಾರೂ ಕೇಳದಿದ್ದ ಪ್ರಶ್ನೆ. ಜಯಮಾಲಾ ಅವನನ್ನು ಮತ್ತೊಮ್ಮೆ ನೋಡಿದಳು.

ಇಷ್ಟು ವರ್ಷಗಳಲ್ಲಿ ಅವಳ ಈ ಕೆಲಸವನ್ನು ಕೆಲಸ ಎಂದು ಗುರುತಿಸಿದವನು ಇವನೊಬ್ಬನೇ...

*

ಪ್ರೀತಿ ಹೂವಿನಿಂದ, ಚೀಟಿಯಿಂದ ಶುರುವಾಗುವುದನ್ನು ನೀವು ಕೇಳಿರುತ್ತೀರಿ. ಇವರದು ಬೇಡ ಅನ್ನುವುದು ಹೇಗೆ ಎಂಬ ಪಾಠದಿಂದ ಶುರುವಾಯಿತು. ಹಾಗೂ ಆಗುತ್ತದೆ, ಏನು ಮಾಡುವುದು.

ಗಣಪತಿ ಹಬ್ಬಕ್ಕೆ ಅವನ ಮೊದಲ ಮೆಸೇಜು ಬಂತು. "ಮೇಡಂ, ಟ್ರಾಕ್ಟರ್ ಸಾಲದವರು ಮೋದಕದ ಪೆಟ್ಟಿಗಿ ಹಿಡ್ಕೊಂಡು ಹೊರಗ ಕೂತಾರ. ಏನ್ಮಾಡ್ಲಿ?"

"ಮೊದಲ ಎದ್ದು ನಿಲ್ರಿ," ಎಂದು ಬರೆದಳು. "ಕೂತಲ್ಲಿಂದ ಬ್ಯಾಡ ಅಂದ್ರ ಸೊಕ್ಕು ಅಂತಾರ. ಎರಡೂ ಕೈಯಿಂದ ತಗೋರಿ. ಮನಿ ಮಂದಿ ಹ್ಯಾಂಗ ಇದ್ದಾರ ಕೇಳ್ರಿ. ಅವರ ಮುಂದೇ ಬಿಚ್ಚಿ ಒಂದು ಬಾಯಾಗ ಹಾಕ್ಕೊಂಡು ಹೊಗಳ್ರಿ. ಆಮ್ಯಾಲ ಮುಚ್ಚಳ ಹಾಕಿ, 'ನನ್ನ ಪಾಲು ಮುಟ್ಟಿತು, ಉಳಿದದ್ದು ಮಕ್ಕಳಿಗಿ' ಅನ್ರಿ. ರೂಲ್ಸ್ ಅನ್ನೋ ಮಾತು ಕಡೀಕ ಬರ್ಬೇಕು. ಮೊದಲೇ ಹೇಳಿದ್ರ ಅವರಿಗಿ ಕಳ್ಳರನ್ನ ಹಿಡಿದಂಗ ಅನಸ್ತದ."

ಅರ್ಧ ತಾಸಿನ ಮೇಲೆ ಉತ್ತರ ಬಂತು. "ನಗಕೋತ ಹೋದ್ರು. ನೀವು ದೊಡ್ಡವರು ಮೇಡಂ."

ಆಮೇಲೆ ಮೆಸೇಜುಗಳು ಬರುತ್ತಲೇ ಹೋದವು. ಪ್ಯಾಕ್ ಮಾಡಿದ ಪೆಟ್ಟಿಗೆ ಬಂದರೆ? ಬಿಚ್ಚಬಾರದು, ಬಿಚ್ಚಿದರೆ ಅವರು ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಮೇಜಿನ ಮೇಲಿಟ್ಟು ಓಡಿಹೋದರೆ? ಅವತ್ತೇ ಮೇಲಿನವರಿಗೆ ಹೇಳಿ, ಅವತ್ತೇ ಅವರ ಮನೆಗೆ ಮುಟ್ಟಿಸಬೇಕು. ನಾಳೆಗೆ ಉಳಿದರೆ ಅದು ತೆಗೆದುಕೊಂಡಂತೆಯೇ. ಒಬ್ಬರಿಂದ ತಗೊಂಡು ಇನ್ನೊಬ್ಬರಿಗೆ ಬೇಡ ಅಂದರೆ? ಅಲ್ಲಿಗೆ ಮುಗಿಯಿತು, ಆಮೇಲೆ ಆ ಬಾಯಿಂದ ಬೇಡ ಅನ್ನುವ ಮಾತಿಗೆ ಬೆಲೆ ಇರುವುದಿಲ್ಲ.

"ಇಷ್ಟೆಲ್ಲಾ ಯಾಕ ಮೇಡಂ? ಒಂದು ಪೆಟ್ಟಿಗಿ ಮಿಠಾಯಿ ತಗೊಂಡ್ರ ಆಕಾಶ ಬೀಳ್ತದ?" ಎಂದು ಒಮ್ಮೆ ಕೇಳಿದ. ಪಾಲಕರ ಸಭೆ ಮುಗಿದು ಎಲ್ಲರೂ ಹೋಗಿದ್ದರು. ಅಂಗಳದಲ್ಲಿ ರುಚಿತಾ ಕುಂಟಾಬಿಲ್ಲೆ ಆಡುತ್ತಿದ್ದಳು.

ಜಯಮಾಲಾ ಮುಂದಿದ್ದ ಹಾಜರಿ ಪುಸ್ತಕ ಮುಚ್ಚಿದಳು.

"ನೌಕರಿ ಹತ್ತಿದ ಮೊದಲ ವರ್ಷ ನಾ ಎಲ್ಲಾ ತಗೊಂಡಿದ್ದೆ. ಮೇಜು ತುಂಬಿತ್ತು. ಖುಷಿನೂ ಆಗಿತ್ತು, ಸುಳ್ಳು ಯಾಕ ಹೇಳ್ಲಿ. ನನ್ನ ಕ್ಲಾಸಿನ್ಯಾಗ ಮಂಜುಳಾ ಅಂತ ಒಂದು ಹುಡುಗಿ ಇತ್ತು. ಅವರವ್ವ ಸ್ಟೇಷನ್ ಹತ್ರ ಮೆಂತ್ಯ, ಕೊತ್ತಂಬ್ರಿ ಮಾರ್ತಿದ್ಳು. ರಜೆ ಮುಗಿದು ಬಂದ ದಿನ ಆ ಹುಡುಗಿ ನನ್ನ ಹತ್ರ ಬಂದು, 'ಟೀಚರ್, ನಾವು ಏನೂ ಕೊಡ್ಲಿಲ್ಲಲ್ಲ, ನನ್ನ ಮಾರ್ಕ್ಸ್ ಕಮ್ಮಿ ಆಗ್ತಾವೇನು?' ಅಂತ ಕೇಳಿತ್ರಿ."

ಅವಳು ಅಂಗಳದಲ್ಲಿ ಆಡುತ್ತಿದ್ದ ರುಚಿತಾಳ ಕಡೆ ನೋಡಿದಳು.

"ಅವತ್ತಿಂದ ತಗೋಳೋದು ಬಿಟ್ಟೆ. ಆದ್ರ ಖರೇ ಹೇಳ್ತೀನಿ, ಬ್ಯಾಡ ಅನ್ನೋದೂ ಭಾಳ ದಣಸ್ತದ್ರಿ. ಎಲ್ಲರೂ ಪ್ರೀತಿಯಿಂದೇ ತರ್ತಾರ. ಯಾರದು ಪ್ರೀತಿ, ಯಾರದು ಮಾರ್ಕ್ಸಿನ ಆಸೆ ಅಂತ ನೋಡ್ಕೋತ ಕೂಡಾಕ ಬರೋದಿಲ್ಲ. ಎಲ್ಲರನ್ನೂ ಒಂದೇ ನಮೂನಿ ಕಳಸ್ಬೇಕು."

"ಎಲ್ಲರನ್ನೂ?" ಎಂದ ರವಿಕಾಂತ.

"ಎಲ್ಲರನ್ನೂ."

ಅವನು ಮತ್ತೇನೋ ಹೇಳಲು ಹೋಗಿ ನುಂಗಿಕೊಂಡ. ಅವಳೂ ನೋಡಿದಳು. ನೋಡಿಯೂ ನೋಡದವಳಂತೆ ಸೆರಗು ಸರಿಮಾಡಿಕೊಂಡಳು.

*

ಮನೆಗೆ ಹೋದವನೇ ಜಯಮಾಲಾಳನ್ನು ಮದುವೆಯಾಗುವ ಆಸೆಯನ್ನು ತಾಯಿಯ ಮುಂದೆ ಬಾಯಿಬಿಟ್ಟ. ನಾಗಮ್ಮ ಭಾಲ್ಕಿ ಕಡೆಯ ಹಳೆಯ ಹೆಂಗಸು. ಹುಡುಗಿಯ ಮನೆತನ ಬೀದರದ್ದು, ತಂದೆ ವೈಜನಾಥಪ್ಪ ಮೊದಲಿನ ಔರಂಗಾಬಾದ್, ಈಗಿನ ಸಂಭಾಜಿನಗರದಲ್ಲಿ ಬಟ್ಟೆ ವ್ಯಾಪಾರಿ, ನಮ್ಮವರೇ ಎಂದು ಕೇಳಿ ಆಕೆಯ ಮುಖ ಅರಳಿತು.

"ನಾನೇ ಒಂದು ಮಾತು ಕೇಳ್ತೀನವ್ವ," ಎಂದ ರವಿಕಾಂತ.

"ನೀ ಸುಮ್ ಕೂಡು. ಸಾಲಿ ಬಾಗಲಾಗ ನಿಂತು ಕೇಳೋ ಮಾತೇನಿದು? ನಮ್ಮ ಪದ್ಧತಿ ಅದ."

ನಾಗಮ್ಮನ ತವರಿನ ಕಡೆ ಹೆಣ್ಣು ಕೇಳುವ ಪದ್ಧತಿ ಹೀಗೆ: ಹುಡುಗನ ತಾಯಿ ತನ್ನ ಕೈಯಾರೆ ಕರ್ಚಿಕಾಯಿ ಮಾಡಿ, ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಮಡಿಲು ತುಂಬುವ ಉಡಿಯ ಸಾಮಾನಿನ ಜೊತೆ ಹುಡುಗಿಗೆ ಕೊಡಬೇಕು. ಮದುವೆಯ ಮಾತು ಎತ್ತಬಾರದು. ಡಬ್ಬಿ ಅಲ್ಲೇ ಉಳಿದರೆ ಮುಂದಿನ ಮಾತು. ಅದರಲ್ಲಿ ಸಕ್ಕರೆ ಹಾಕಿ ಮರಳಿಸಿದರೆ, ಬಾಯಿ ಸಿಹಿ ಇರಲಿ, ಸಂಬಂಧ ಬೇಡ ಎಂದರ್ಥ. ಯಾರ ಮನಸ್ಸೂ ನೋಯದಂಥ ಪದ್ಧತಿ. ಎರಡೂ ಕಡೆಯವರಿಗೆ ಅದು ಗೊತ್ತಿದ್ದರೆ ಮಾತ್ರ.

ಜಯಮಾಲಾ ಹುಟ್ಟಿ ಬೆಳೆದದ್ದು ಸಂಭಾಜಿನಗರದಲ್ಲಿ. ಅವಳಿಗೆ ಇದ್ಯಾವುದೂ ಗೊತ್ತಿರಲಿಲ್ಲ.

*

ದೀಪಾವಳಿ ರಜೆಯ ಹಿಂದಿನ ದಿನ ಬಂತು. ಕಾಣಿಕೆ ತರಬೇಡಿ, ಮಗು ಮಾಡಿದ ಕಾರ್ಡು ಸಾಕು ಎಂದು ಶಾಲೆ ವಾರದ ಹಿಂದೆಯೇ ಪಾಲಕರ ಗುಂಪಿಗೆ ಮೆಸೇಜು ಹಾಕಿತ್ತು. ಎಲ್ಲರೂ ಕೈಮುಗಿದ ಚಿತ್ರ ಹಾಕಿ ಒಪ್ಪಿದ್ದರು. ಒಪ್ಪಿದವರೆಲ್ಲ ಪೆಟ್ಟಿಗೆ ಹಿಡಿದೇ ಬಂದರು.

ಜಯಮಾಲಾ ಒಬ್ಬೊಬ್ಬರನ್ನೇ ತರಗತಿಯೊಳಗೆ ಕರೆದಳು. ಒಬ್ಬರಿಗೆ ಬೇಡ ಅಂದದ್ದು ಇನ್ನೊಬ್ಬರಿಗೆ ಕಾಣಬಾರದು, ಅದು ಅವಳ ಕ್ರಮ.

ಕ್ಯಾಪ್ಟನ್ ಸಾಹೇಬರ ಹೆಂಡತಿ ಥಳಥಳ ಕಾಗದ ಸುತ್ತಿದ ಒಣಹಣ್ಣಿನ ತಟ್ಟೆ ತಂದಿದ್ದರು. ಜಯಮಾಲಾ ಅದನ್ನು ಬಿಚ್ಚದೆ, "ಎಷ್ಟು ಚೆಂದ ಕಟ್ಟಿದ್ದಾರೆ, ಇದನ್ನು ಮಗನೇ ಬಿಚ್ಚಲಿ. ರಜೆ ಮುಗಿದ ಮೇಲೆ ಅವನ ಡಬ್ಬಿಯಿಂದ ನನಗೊಂದು ಬಾದಾಮಿ ಕೊಡಲಿ," ಎಂದು ಮರಾಠಿಯಲ್ಲಿ ಹೇಳಿ ಹುಡುಗನ ಕೈಗಿಟ್ಟಳು. ಕಿರಾಣಿ ಅಂಗಡಿಯವರ ಮಿಠಾಯಿಯ ಕೆಳಗೆ ಒಂದು ಲಕೋಟೆ ಇತ್ತು. ಅದನ್ನು ಮುಟ್ಟದೆ, ಮುಚ್ಚಳ ಹಾಕಿ, "ಅಣ್ಣಾ, ಇದರಲ್ಲಿ ನಿಮ್ಮದೇನೋ ಮರೆತು ಉಳಿದಿದೆ, ಜೋಪಾನ," ಎಂದು ಹಿಂದಿರುಗಿಸಿದಳು. ಅವರು ನಾಚಿದರು, ಆದರೆ ಅವಮಾನಪಡಲಿಲ್ಲ. ಇನ್ನೊಬ್ಬ ತಾಯಿ ಪೈಠಣದಿಂದ ತರಿಸಿದ ಸೀರೆ ತಂದಿದ್ದಳು. ಜಯಮಾಲಾ ಸೀರೆಗೆ ಕುಂಕುಮ ಹಚ್ಚಿ, ಅದರ ಮೇಲಿದ್ದ ಒಂದು ಹೂ ಮಾತ್ರ ತೆಗೆದು ಮುಡಿದು, "ವಾರ್ಷಿಕೋತ್ಸವಕ್ಕೆ ಇದನ್ನು ನೀವು ಉಟ್ಟು ಬನ್ನಿ, ನಾನು ಕಣ್ತುಂಬ ನೋಡುತ್ತೇನೆ," ಎಂದಳು.

ಮಧ್ಯಾಹ್ನದ ಹೊತ್ತಿಗೆ ನಕ್ಕು ನಕ್ಕು ಕೆನ್ನೆ ನೋಯತೊಡಗಿತ್ತು. ಬಾಯಿತುಂಬ ಬೇರೆಬೇರೆ ಸಿಹಿ. ಒಂದು ಲೋಟ ನೀರು, ಒಂದು ಹಾಸಿಗೆ ಸಿಕ್ಕರೆ ಸಾಕು ಅನಿಸಿತ್ತು.

ಮನೆಯಲ್ಲಿ ಮಾಡಿದ ತಿಂಡಿ ಬಂದರೆ ಕ್ರಮವೇ ಬೇರೆ. ಅಂಗಡಿಯ ಪೆಟ್ಟಿಗೆ ಮರಳಿಸಬಹುದು, ತಾಯಿಯೊಬ್ಬಳು ಒಲೆ ಮುಂದೆ ಕೂತು ಕರಿದದ್ದನ್ನು ಮರಳಿಸಿದರೆ ಅವಳ ಕೈಯನ್ನೇ ತಳ್ಳಿದಂತೆ. ಅದಕ್ಕೆ ಜಯಮಾಲಾ ಒಂದು ತಾನು ತಿಂದು, ಉಳಿದದ್ದನ್ನು ಅಲ್ಲೇ ಇದ್ದ ಮಕ್ಕಳಿಗೆಲ್ಲ ಹಂಚಿ, ಡಬ್ಬಿ ಒರೆಸಿ ಕೊಡುತ್ತಿದ್ದಳು. ಬರಿದು ಡಬ್ಬಿ ಕೊಡಬಾರದು ಎಂಬುದು ಅವಳ ತಾಯಿ ಕಮಲಾಬಾಯಿಯ ಮಾತು. ಆ ಕಾರಣಕ್ಕೆ ತರಗತಿಯ ಕಪಾಟಿನಲ್ಲಿ ಸಕ್ಕರೆಯ ಬಾಟಲಿ ಇಟ್ಟಿದ್ದಳು.

ಅಯ್ಯೋ, ನಿಮಗೆ ಆಗಲೇ ತಿಳಿಯಿತಲ್ಲವೇ?

ನಾಗಮ್ಮ ಕೊನೆಯಲ್ಲಿ ಒಳಗೆ ಬಂದಳು. ಹೊಸ ಇಳಕಲ್ ಸೀರೆ, ಕೈಯಲ್ಲಿ ಡಬ್ಬಿ, ಚೀಲದಲ್ಲಿ ರವಿಕೆಯ ಖಣ, ತೆಂಗಿನಕಾಯಿ, ಕುಂಕುಮ.

"ನಾ ರುಚಿತಾನ ಆಯಿ ರಿ ಮೇಡಂ, ರವಿಕಾಂತನ ಅವ್ವ. ಇದು ಬ್ಯಾರೆಯವರ ಡಬ್ಬಿ ಹಂಗಲ್ಲ, ಮನಸಿಟ್ಟು ತಗೋರಿ."

ಬೆಳಿಗ್ಗೆಯಿಂದ ಪ್ರತಿಯೊಬ್ಬ ತಾಯಿಯೂ ಇದೇ ಮಾತು ಹೇಳಿದ್ದಳು, ಮರಾಠಿಯಲ್ಲಿ.

ಜಯಮಾಲಾ ತಲೆ ಎತ್ತಿ ನೋಡಿದಳು. ರವಿಕಾಂತನ ತಾಯಿ! ಇವರ ಡಬ್ಬಿ ಇಟ್ಟುಕೊಳ್ಳಬೇಕು ಅನಿಸಿತು. ಬಹಳ ಅನಿಸಿತು. ಅನಿಸಿದ್ದಕ್ಕೇ ಹೆದರಿದಳು. ಇವರೊಬ್ಬರದು ಇಟ್ಟುಕೊಂಡರೆ ಉಳಿದವರಿಗೆ ಹೇಳಿದ್ದೆಲ್ಲ ಸುಳ್ಳಾಗುತ್ತದಲ್ಲ...

ಎದ್ದು ನಿಂತಳು. ಎರಡೂ ಕೈಯಿಂದ ತೆಗೆದುಕೊಂಡಳು. ಒಂದು ಕರ್ಚಿಕಾಯಿ ತಿಂದಳು.

"ಭಾಳ ಛಲೋ ಆಗ್ಯಾವ್ರಿ ಅವ್ವಾರ. ನಮ್ಮಾಯಿ ಕೈಯಾಗಿಂದು ನೆನಪಾಯ್ತು."

ನಾಗಮ್ಮನ ಕಣ್ಣು ಹೊಳೆದವು. ಮರುಕ್ಷಣ ಜಯಮಾಲಾ ಉಳಿದವನ್ನೆಲ್ಲ ಮಕ್ಕಳಿಗೆ ಹಂಚಿದಳು. ಡಬ್ಬಿ ಒರೆಸಿದಳು. ಒಂದು ಹಿಡಿ ಸಕ್ಕರೆ ಹಾಕಿ ಮುಚ್ಚಳ ಒತ್ತಿದಳು. ಉಡಿಯ ಕುಂಕುಮವನ್ನು ಹಣೆಗೆ ಹಚ್ಚಿಕೊಂಡು, ಖಣ ಕಾಯಿಗಳನ್ನು ಮೆತ್ತಗೆ ಚೀಲದೊಳಗೇ ಇಟ್ಟಳು.

"ಆಶೀರ್ವಾದ ಇಟ್ಕೊಂಡೀನ್ರಿ. ಉಳಿದದ್ದು ನಿಮ್ಮ ಹತ್ರಾನೇ ಇರಲಿ," ಎಂದು ಕಾಲಿಗೆ ನಮಸ್ಕರಿಸಿದಳು.

ನಾಗಮ್ಮ ಡಬ್ಬಿಯನ್ನು ಒಮ್ಮೆ ಅಲುಗಾಡಿಸಿ ನೋಡಿದಳು. ಒಳಗೆ ಸಕ್ಕರೆ ಸರ್ರೆಂದಿತು.

"ಇರಲಿ ಬಿಡವ್ವ," ಎಂದಳು. "ನಿನ್ನ ಮನಸ್ಸು."

*

ರಜೆ ಮುಗಿದು ಶಾಲೆ ತೆರೆಯಿತು. ರವಿಕಾಂತ ಬರಲಿಲ್ಲ. ಮೆಸೇಜೂ ಬರಲಿಲ್ಲ. ಒಂದು ದಿನ ಜಯಮಾಲಾ ತಾನೇ ಬರೆದಳು: "ಈ ಸಲ ಗೋಡಂಬಿ ಪೆಟ್ಟಿಗಿ ಎಷ್ಟು ಬಂದಿದ್ವು?" ಸಂಜೆಗೆ ಉತ್ತರ ಬಂತು. "ಎಲ್ಲಾ ನೀವು ಹೇಳಿದಂಗೇ ಕಳಿಸಿದೆ ಮೇಡಂ. ಧನ್ಯವಾದ."

ಅಷ್ಟೇ. ಇಷ್ಟು ನಯವಾದ ಮಾತು ಎದುರಿನವರನ್ನು ಸಾಗಹಾಕಲು ಮಾತ್ರ ಬಳಕೆಯಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಕಾಕಾ ಎಲ್ಲಿ ರುಚಿತಾ?" ಎಂದು ಕೇಳಿಯೇಬಿಟ್ಟಳು.

"ಕಾಕಾ ಸಂಭಾಜಿನಗರದ ಹತ್ರ ಬಿಡಕಿನ್‌ಗೆ ಹೋದ್ರು ಟೀಚರ್. ಟ್ರಾನ್ಸ್‌ಫರ್ ತಗೊಂಡ್ರು. ಅಲ್ಲಿ ಹೊಸ ಫ್ಯಾಕ್ಟರಿ ಅದಾವಲ್ಲ, ಅಲ್ಲಿ ಬ್ರಾಂಚ್."

ತಾನೇ ಕೇಳಿ ತಗೊಂಡನಂತೆ. ಜಯಮಾಲಾ ಹಲಗೆಯ ಕಡೆ ತಿರುಗಿ ಬರೆದದ್ದನ್ನೇ ಮತ್ತೆ ಬರೆದಳು.

'ಇವನೂ ಅಷ್ಟೇ,' ಅಂದುಕೊಂಡಳು. 'ತಾಯಿ ಕೊಟ್ಟದ್ದನ್ನು ಇಟ್ಟುಕೊಳ್ಳಲಿಲ್ಲ ಅಂತ ಸಿಟ್ಟು. ಎಲ್ಲಾ ತಿಳಿದವನು, ನನ್ನ ದಣಿವು ತಿಳಿದವನು ಅಂದುಕೊಂಡಿದ್ದೆ. ತನ್ನ ಮನೆಯ ಡಬ್ಬಿ ಬಂದಾಗ ಅವನಿಗೂ ನಾನು ಸೊಕ್ಕಿನವಳಾದೆ.'

ಅವನನ್ನು ಎಷ್ಟು ಪ್ರೀತಿಸಿದ್ದೆನೆಂಬುದು ಅವಳಿಗೆ ಗೊತ್ತಾದದ್ದು ಆ ದಿನಗಳಲ್ಲೇ. ಫೋನು ಸದ್ದು ಮಾಡಿದಾಗೆಲ್ಲ ಕೈ ಓಡುತ್ತಿತ್ತು. ಅದು ಪಾಲಕರ ಗುಂಪಿನ ಮೆಸೇಜಾಗಿರುತ್ತಿತ್ತು.

ಅತ್ತ ಬಿಡಕಿನ್‌ನ ಬಾಡಿಗೆ ಕೋಣೆಯಲ್ಲಿ ಅವನೂ ಕಲಿತ ಪಾಠವನ್ನೇ ನೆನೆಯುತ್ತಿದ್ದ. ಎದ್ದು ನಿಲ್ಲುವುದು, ಎರಡು ಕೈ, ಒಂದು ತುಣುಕು, ಎರಡು ಒಳ್ಳೆಯ ಮಾತು, ವಾಪಸ್... ಡಬ್ಬಿ ಮರಳಿದ ಬಗೆಯನ್ನು ಅವ್ವ ಹೇಳಿದ್ದೂ ಹಾಗೆಯೇ ಇತ್ತು. ತಾನು ಸೇಠಗಳನ್ನು ಕಳಿಸಿದಂತೆ ಜಯಮಾಲಾ ತನ್ನನ್ನೂ ಕಳಿಸಿದಳು. ಒಮ್ಮೆ ಬೇಡ ಅಂದವಳ ಮುಂದೆ ಮತ್ತೆ ಪೆಟ್ಟಿಗೆ ಹಿಡಿದು ನಿಲ್ಲುವ ಪಾಲಕ ತಾನಾಗಬಾರದು. ಅವಳಿಗೆ ಅಷ್ಟಾದರೂ ನೆಮ್ಮದಿ ಕೊಡೋಣ ಅಂದುಕೊಂಡ. ಒಳ್ಳೆಯವರು ಮಾಡುವ ತಪ್ಪುಗಳಿಗೆ ಮದ್ದಿಲ್ಲ ನೋಡಿ.

*

ಸಂಕ್ರಾಂತಿ ಬಂತು. ಶಾಲೆಯಲ್ಲಿ ಜಯಮಾಲಾ ಬೇಡ ಅನ್ನದ ಹಬ್ಬ ಇದೊಂದೇ. ಪ್ರತಿ ಮಗುವೂ ಎಳ್ಳುಂಡೆ ಕೊಡುತ್ತದೆ, ಪ್ರತಿ ಮಗುವಿಗೂ ಅವಳು ಕೊಡುತ್ತಾಳೆ. ಕೊಟ್ಟದ್ದಕ್ಕೂ ಕೊಂಡದ್ದಕ್ಕೂ ಸರಿಹೋಗುತ್ತದೆ.

ಮೊಮ್ಮಗಳನ್ನು ಕರೆದೊಯ್ಯಲು ನಾಗಮ್ಮ ಬಂದಿದ್ದಳು. ಜಯಮಾಲಾ ಎಳ್ಳುಂಡೆ ಹಿಡಿದು ಹತ್ತಿರ ಹೋದಳು. ನಾಗಮ್ಮ ತೆಗೆದುಕೊಂಡಳು, ಬಾಯಿಗೆ ಹಾಕಲಿಲ್ಲ.

"ಸಿಟ್ಟಾಗೀರೇನ್ರಿ ಅವ್ವಾರ?"

"ನಿನ್ನ ಮ್ಯಾಲ ಸಿಟ್ಯಾಕವ್ವ. ನೀ ಮರ್ಯಾದಿಲೇ ಬ್ಯಾಡ ಅಂದಿ. ಆದ್ರ ಆ ಸಕ್ಕರಿ ಇನ್ನೂ ಡಬ್ಬ್ಯಾಗೇ ಅದ. ನಮ್ಮ ಮನ್ಯಾಗ ಯಾರಿಗೂ ಅದನ್ನ ತಿನ್ಲಿಕ್ಕ ಬಾಯಿ ಬರ್ಲಿಲ್ಲ."

"ಒಂದು ಹಿಡಿ ಸಕ್ಕರಿಗಿ..."

"ಸಕ್ಕರಿ ಹಾಕಿ ಹೊಳ್ಳಿಸಿದ್ರ ಸಂಬಂಧ ಬ್ಯಾಡ ಅಂತ ಅಲ್ಲೇನವ್ವ? ಕರ್ಚಿಕಾಯಿ ಡಬ್ಬಿ ತಂದು, ಉಡಿ ತಂದು, ಮನಸಿಟ್ಟು ತಗೋ ಅಂದೆ. ಇನ್ನ ಹ್ಯಾಂಗ ಕೇಳ್ಬೇಕಿತ್ತು ನನ್ನ ಮಗನ ಸಲುವಾಗಿ?"

ಜಯಮಾಲಾ ಅಲ್ಲೇ ಮಕ್ಕಳ ಬೆಂಚಿನ ಮೇಲೆ ಕೂತಳು.

ಸಂಬಂಧ. ಅವನು ಕೇಳಿದ್ದ. ಅವಳು ಸಂಬಂಧವನ್ನು ಮಕ್ಕಳಿಗೆ ಒಂದೊಂದು ಹಂಚಿ, ಡಬ್ಬಿ ಒರೆಸಿ ಕೊಟ್ಟಿದ್ದಳು!

"ನಂಗ ಗೊತ್ತಿರ್ಲಿಲ್ರಿ," ಎಂದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು. "ಎಲ್ಲರ ಡಬ್ಬಿಗೂ ಹಾಕಿದೆ. ಬರಿದು ಡಬ್ಬಿ ಕೊಡಬಾರದು ಅಂತ ನಮ್ಮವ್ವ ಹೇಳ್ತಾಳ. ಬರೇ ಅಷ್ಟೇರಿ."

ನಾಗಮ್ಮ ಅವಳ ತಲೆ ಸವರಿದಳು. ಆಮೇಲೆ ಎಳ್ಳುಂಡೆ ಬಾಯಿಗೆ ಹಾಕಿಕೊಂಡಳು.

"ಆ ಡಬ್ಬಿ ನಂಗ ಕೊಡ್ತೀರೇನ್ರಿ ಅವ್ವಾರ?" ಎಂದಳು ಜಯಮಾಲಾ ಕಣ್ಣೊರೆಸಿಕೊಂಡು.

*

ಶನಿವಾರ ಅವಳು ಸಂಭಾಜಿನಗರದ ಬಸ್ಸು ಹತ್ತಿದಳು. ತವರಿನಲ್ಲಿ ಚೀಲ ಇಟ್ಟು, ಕಮಲಾಬಾಯಿ ಕೇಳಿದ ಪ್ರಶ್ನೆಗಳಿಗೆಲ್ಲ "ಬಂದು ಹೇಳ್ತೀನವ್ವ" ಎಂದು, ಪೈಠಣ ರಸ್ತೆಯ ಬಸ್ಸು ಹಿಡಿದು ಬಿಡಕಿನ್‌ನಲ್ಲಿ ಇಳಿದಳು. ಮೈಯೆಲ್ಲ ಧೂಳು, ಸೊಂಟ ಬಿದ್ದುಹೋಗಿತ್ತು.

ಬ್ಯಾಂಕಿನಲ್ಲಿ ಗಿರಾಕಿಗಳು ಕಡಿಮೆಯಾಗಿದ್ದರು. ರವಿಕಾಂತ ತಲೆ ಎತ್ತಿದ. ನೋಡಿದ. ತಟ್ಟನೆ ಎದ್ದು ನಿಂತ.

"ಮೇಡಂ... ರುಚಿತಾಗ ಏನಾರ ಆಯ್ತೇನ್ರಿ?"

"ಅವಳು ಆರಾಮ ಇದ್ದಾಳ. ಹೊರಗ ಬರ್ತೀರೇನು? ಒಂದು ಚಹಾ ಕುಡಿಯೋಣ."

ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಅವಳು ಚೀಲದಿಂದ ಡಬ್ಬಿ ತೆಗೆದಳು. ಅವನ ಮುಖ ಬಿಳುಪೇರಿತು.

"ಇದನ್ನ ಯಾಕ ತಂದ್ರಿ? ನಾ ನಿಮಗ ಮತ್ತ ತ್ರಾಸ ಕೊಡಬಾರದು ಅಂತೇ ಈ ಕಡಿ ಬಂದೆ."

"ಸಕ್ಕರಿ ಹಾಕಿದ್ರ ಏನರ್ಥ ಅಂತ ನಿಮ್ಮವ್ವಾರು ಮೊನ್ನೆ ಹೇಳಿದ್ರು. ಮೊನ್ನೆ ತನಕ ನಂಗ ಅದು ಬರೇ ಸಕ್ಕರಿ ಇತ್ತು."

ಅವನು ಡಬ್ಬಿಯನ್ನು ನೋಡಿದ, ಅವಳನ್ನು ನೋಡಿದ.

"ಅಂದ್ರ... ಅದು ನನಗ ಬ್ಯಾಡ ಅಂದದ್ದಲ್ಲ?"

"ನೀವು ಕೇಳೀರಿ ಅನ್ನೋದೇ ನಂಗ ಗೊತ್ತಿರ್ಲಿಲ್ಲ. ಡಬ್ಬಿ ಇಟ್ಕೊಳ್ಳಲಿಲ್ಲ ಅಂತ ನೀವು ಸಿಟ್ಟಾದ್ರಿ ಅನ್ಕೊಂಡೆ. ಭಾಳ ಅತ್ತೀನ್ರಿ."

"ನಾನೂ," ಎಂದ ಅವನು.

ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ.

"ಒಂದು ಕೇಳ್ತೀನಿ," ಎಂದ ಆಮೇಲೆ. "ಗೊತ್ತಿದ್ರ ಅವತ್ತು ಇಟ್ಕೋತಿದ್ರೇನು?"

ಜಯಮಾಲಾ ಸುಳ್ಳು ಹೇಳಲಿಲ್ಲ. "ಇಲ್ರಿ. ರುಚಿತಾ ನನ್ನ ಕ್ಲಾಸಿನ್ಯಾಗ ಇದ್ದಾಳ. ರಿಸಲ್ಟ್ ಆಗೋತನಕ ತಾಳ್ರಿ ಅಂತಿದ್ದೆ."

ಅವನು ನಕ್ಕುಬಿಟ್ಟ. ಎಷ್ಟು ತಿಂಗಳ ಮೇಲೆ ನಕ್ಕಿದ್ದನೋ! "ಎಲ್ಲರನ್ನೂ ಒಂದೇ ನಮೂನಿ."

"ನಿನ್ನೆ ಮುಖ್ಯಾಧ್ಯಾಪಕಿಯವರಿಗಿ ಎಲ್ಲಾ ಹೇಳೀನಿ. ಇನ್ನ ಮ್ಯಾಲ ರುಚಿತಾನ ಪೇಪರ್ ಬ್ಯಾರೆ ಟೀಚರ್ ತಪಾಸಣಿ ಮಾಡ್ತಾರ. ಮೇ ತಿಂಗಳದಾಗ ಅವಳು ಐದನೇ ಕ್ಲಾಸಿಗಿ ಹೋಗ್ತಾಳ. ಅಲ್ಲಿತನಕ ಸಾಲ್ಯಾಗ ನೀವು ಪಾಲಕರು, ನಾ ಟೀಚರ್. ಆಗ್ತದೇನು?"

"ನೀವು ಹೇಳಿದಂಗ. ಆದ್ರ ಮೇ ತನಕ ನಾ ಏನ್ ನಂಬ್ಕೊಂಡು ಕೂಡ್ಲಿ?"

ಜಯಮಾಲಾ ಡಬ್ಬಿಯ ಮುಚ್ಚಳ ತೆಗೆದಳು. ದೀಪಾವಳಿಯ ಸಕ್ಕರೆ ಗಟ್ಟಿಯಾಗಿ ತಳಕ್ಕೆ ಹತ್ತಿತ್ತು. ಚಮಚದಿಂದ ಕೆರೆದು ಅಷ್ಟನ್ನೂ ಅವನ ಚಹಾಕ್ಕೆ ಹಾಕಿದಳು. ಬರಿದಾದ ಡಬ್ಬಿಯನ್ನು ಸೆರಗಿನಿಂದ ಒರೆಸಿದಳು.

ಅಭ್ಯಾಸಬಲದಿಂದ ಅವನು ಡಬ್ಬಿಗೆ ಕೈ ಚಾಚಿದ.

ಅವಳು ಕೊಡಲಿಲ್ಲ. ಮುಚ್ಚಳ ಒತ್ತಿ ತನ್ನ ಚೀಲದೊಳಗೆ ಇಟ್ಟುಕೊಂಡಳು.

ರವಿಕಾಂತನ ಕಣ್ಣು ತುಂಬಿ ಬಂದವು. "ಹೊಳ್ಳಿಸೋದಿಲ್ಲ?"

"ಎಲ್ಲರಿಗೂ ಬ್ಯಾಡ ಅಂದು ಅಂದು ನಂಗ ಸಾಕಾಗ್ಯದ್ರಿ," ಎಂದಳು ಜಯಮಾಲಾ. "ಇದೊಂದು ನನ್ನ ಹತ್ರ ಇರಲಿ."